140 ಕೋಟಿಗೆ 31 ಮೆಟ್ಟಿಲು

ದೇಶದ ಜನಸಂಖ್ಯೆಯನ್ನು 140 ಕೋಟಿ ಎಂದು ಹಿಡಿಯೋಣ. ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಅವನ್ನೆಲ್ಲ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದು ಕ್ರಮದಲ್ಲಿ ಜೋಡಿಸಿಟ್ಟರೆ, ಯಾರ ಸಂಖ್ಯೆ ಹೇಳಿದರೂ ಅವರ ವಿವರ ಸಿಗುವುದಕ್ಕೆ ಹೆಚ್ಚೆಂದರೆ 31 ಹೋಲಿಕೆ ಸಾಕು. ಇಡೀ ಭೂಮಿಯ 800 ಕೋಟಿ ಚಿಲ್ಲರೆ ಜನರನ್ನು ಸೇರಿಸಿಕೊಂಡರೆ ಎಷ್ಟಾದೀತು? 33. ಜನ ಸಾಕು, ಕಣ್ಣಿಗೆಟಕುವ ವಿಶ್ವದ ಪರಮಾಣುಗಳನ್ನೇ ಎಣಿಸುತ್ತೇವೆ ಎಂದರೆ, ವಿಜ್ಞಾನಿಗಳ ಅಂದಾಜು 1ರ ಮುಂದೆ 80 ಸೊನ್ನೆ. ಅಷ್ಟಕ್ಕೂ 266 ಹೋಲಿಕೆ ಮುಗಿದರೆ ಕೆಲಸ ಮುಗಿಯಿತು.

ಅಚ್ಚರಿಯ ಇನ್ನೊಂದು ಮಗ್ಗುಲನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಅದೇ 140 ಕೋಟಿ ಸಂಖ್ಯೆ, ಅದೇ ಜೋಡಣೆಯ ನಿಯಮ, ಒಂದಕ್ಷರವೂ ಬದಲಾಗದ ಅದೇ ಪ್ರೋಗ್ರಾಮ್. ಸಂಖ್ಯೆಗಳು ಒಳಗೆ ಬಂದ ಸರದಿ ಮಾತ್ರ ಬೇರೆ. ಆಗ 31 ಹೋಗಿ 140 ಕೋಟಿ ಹೋಲಿಕೆ ಬೇಕಾಗಬಹುದು. ನಡುವೆ ಎಷ್ಟು ಬೇಕಾದರೂ ಆಗಬಹುದು. ಈ ಎರಡು ತುದಿಗಳ ನಡುವಿನ ಕಂದಕವನ್ನು 1962ರಲ್ಲಿ ಸೋವಿಯತ್ ಒಕ್ಕೂಟದ ಇಬ್ಬರು ಗಣಿತಜ್ಞರು ನಾಲ್ಕು ಪುಟದ ಒಂದು ಲೇಖನದಲ್ಲಿ ಮುಚ್ಚಿಬಿಟ್ಟರು.

ಈ ಜೋಡಣೆಯ ಹೆಸರು ಬೈನರಿ ಸರ್ಚ್ ಟ್ರೀ. ಇದು ತಲೆಕೆಳಗಾದ ಮರ: ಬೇರು ಮೇಲೆ, ಎಲೆ ಕೆಳಗೆ. ಗೀತೆಯ ಅಶ್ವತ್ಥವನ್ನು ಬಲ್ಲವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಒಂದೊಂದು ನೋಡ್‌ನಲ್ಲೂ ಒಂದು ಸಂಖ್ಯೆ ಇರುತ್ತದೆ, ಜೊತೆಗೆ ಕೆಳಗೆ ಹೋಗುವ ಎರಡು ದಾರಿ. ನಿಯಮ ಒಂದೇ: ನನಗಿಂತ ಚಿಕ್ಕವೆಲ್ಲ ನನ್ನ ಎಡಕ್ಕೆ, ದೊಡ್ಡವೆಲ್ಲ ಬಲಕ್ಕೆ. ಈ ಮಾತು ಬೇರಿಗಷ್ಟೇ ಅಲ್ಲ, ಮರದ ಪ್ರತಿ ನೋಡ್‌ಗೂ ಅನ್ವಯಿಸುತ್ತದೆ.

ನಮ್ಮ ಏಳು ಊರುಗಳ ಪಿನ್‌ಕೋಡ್ ತೆಗೆದುಕೊಳ್ಳೋಣ: ಬೆಂಗಳೂರು 560001, ಮೈಸೂರು 570001, ಮಂಗಳೂರು 575001, ಶಿವಮೊಗ್ಗ 577201, ಧಾರವಾಡ 580001, ಕಲಬುರಗಿ 585101, ಬೆಳಗಾವಿ 590001. ಇವುಗಳ ಅಂದವಾದ ಮರ ಹೀಗಿರುತ್ತದೆ.

```
               577201
            /          \
       570001          585101
       /    \          /    \
  560001  575001  580001  590001
```

ಧಾರವಾಡ ಬೇಕು, 580001. ಬೇರಿನಲ್ಲಿ ಶಿವಮೊಗ್ಗ ಇದೆ, 577201. ನಮ್ಮದು ದೊಡ್ಡದು, ಬಲಕ್ಕೆ ಹೋಗಬೇಕು. ಅಲ್ಲಿ ಕಲಬುರಗಿ, 585101. ನಮ್ಮದು ಚಿಕ್ಕದು, ಎಡಕ್ಕೆ ಹೋಗಬೇಕು. ಅಲ್ಲೇ ಧಾರವಾಡ ಸಿಕ್ಕಿತು. ಮರದಲ್ಲಿ ಇಲ್ಲದ ಹಾಸನವನ್ನು ಕೇಳಿದರೂ ಗೊಂದಲವಿಲ್ಲ. 573201 ಎನ್ನುವುದು ಶಿವಮೊಗ್ಗಕ್ಕಿಂತ ಚಿಕ್ಕದು, ಮೈಸೂರಿಗಿಂತ ದೊಡ್ಡದು, ಮಂಗಳೂರಿಗಿಂತ ಚಿಕ್ಕದು. ಮಂಗಳೂರಿನ ಎಡಗಡೆ ಖಾಲಿ. ಮೂರೇ ಹೋಲಿಕೆಯಲ್ಲಿ ಹಾಸನ ಇಲ್ಲ ಎಂಬುದು ಖಾತ್ರಿಯಾಯಿತು. ಮುಂದೆ ಹಾಸನವನ್ನು ಸೇರಿಸಬೇಕು ಎಂದರೆ ಅದರ ಜಾಗವೂ ಆ ಖಾಲಿ ಸ್ಥಳವೇ. ಹುಡುಕುವುದೂ ಸೇರಿಸುವುದೂ ಇಲ್ಲಿ ಒಂದೇ ನಡಿಗೆ.

ಪ್ರತಿ ಹೆಜ್ಜೆಗೂ ಉಳಿದವರಲ್ಲಿ ಅರ್ಧದಷ್ಟು ಜನ ಲೆಕ್ಕದಿಂದ ಹೊರಗೆ ಹೋಗುತ್ತಾರೆ. ತಿರುಗಿಸಿ ನೋಡಿದರೆ, ಮರಕ್ಕೆ ಇನ್ನೊಂದು ಹಂತ ಸೇರಿದಾಗೆಲ್ಲ ಅದರಲ್ಲಿ ಹಿಡಿಸುವ ಸಂಖ್ಯೆಗಳು ಇಮ್ಮಡಿಯಾಗುತ್ತವೆ. ಮೂರು ಹಂತಕ್ಕೆ 7, ಹತ್ತು ಹಂತಕ್ಕೆ 1,023, ಇಪ್ಪತ್ತಕ್ಕೆ 10,48,575. ಮೂವತ್ತಕ್ಕೆ 107 ಕೋಟಿ ದಾಟುತ್ತದೆ, ಮೂವತ್ತೊಂದಕ್ಕೆ 214 ಕೋಟಿ. ನಮ್ಮ 140 ಕೋಟಿ ಬಿದ್ದದ್ದು ಈ ಕೊನೆಯೆರಡರ ನಡುವೆ, ಹಾಗಾಗಿ 31. ನಾಳೆ ದೇಶದ ಜನ 200 ಕೋಟಿಯಾದರೂ ಹುಡುಕುವ ದಾರಿ ಒಂದು ಹೆಜ್ಜೆಯೂ ಉದ್ದವಾಗುವುದಿಲ್ಲ.

ಒಂದೇ ಒಂದು ಸಂಖ್ಯೆಯನ್ನು ಚಕ್ಕನೆ ಹುಡುಕುವುದಷ್ಟೇ ಗುರಿಯಾದರೆ ಹ್ಯಾಶ್ ಟೇಬಲ್ ಇದಕ್ಕಿಂತ ವೇಗ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 570000ದಿಂದ 580000ದವರೆಗಿನ ಎಲ್ಲ ಊರು ಕೊಡಿ, 573201ರ ಮುಂದಿನ ಊರು ಯಾವುದು ಹೇಳಿ ಎಂದು ಕೇಳಿದರೆ ಹ್ಯಾಶ್ ಟೇಬಲ್ ಬಾಯಿಬಿಡುವುದಿಲ್ಲ. ಮರದಲ್ಲಿ ಎಡ, ನಡು, ಬಲ ಎಂದು ಸುತ್ತಿ ಬಂದರೆ ಎಲ್ಲವೂ ಏರಿಕೆಯ ಕ್ರಮದಲ್ಲಿ ಸಾಲಾಗಿ ಹೊರಬರುತ್ತವೆ. ಮರ ಬೇಕಾಗುವುದು ಕ್ರಮ ಮುಖ್ಯವಾದ ಕಡೆ.

ಈಗ ಅದೇ ಏಳು ಊರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಒಂದೊಂದಾಗಿ ಒಳಗೆ ಬಿಡೋಣ. ಬೆಂಗಳೂರು ಮೊದಲು ಬಂದದ್ದರಿಂದ ಅದೇ ಬೇರು. ಮೈಸೂರು ಅದಕ್ಕಿಂತ ದೊಡ್ಡದು, ಬಲಕ್ಕೆ. ಮಂಗಳೂರು ಎರಡಕ್ಕಿಂತಲೂ ದೊಡ್ಡದು, ಬಲದ ಬಲಕ್ಕೆ. ಶಿವಮೊಗ್ಗ, ಧಾರವಾಡ, ಕಲಬುರಗಿ, ಬೆಳಗಾವಿ ಎಲ್ಲವೂ ಬಲಕ್ಕೇ. ನಿಯಮ ಎಲ್ಲೂ ಮುರಿದಿಲ್ಲ, ಆದರೆ ಮರದ ಬದಲು ಒಂದು ಕೋಲು ನಿಂತಿದೆ. ಬೆಳಗಾವಿ ಬೇಕೆಂದರೆ ಏಳೂ ಊರು ಹಾದುಹೋಗಬೇಕು.

ಏಳು ಊರು 5,040 ಬೇರೆ ಬೇರೆ ಸರದಿಯಲ್ಲಿ ಬರಬಹುದು. ಅವುಗಳಿಂದ ಹುಟ್ಟುವ ಮರದ ಆಕಾರಗಳು 429. ಅವುಗಳಲ್ಲಿ ಮೇಲೆ ಬರೆದ ಅಂದವಾದ ಆಕಾರ ಒಂದೇ ಒಂದು. ಕೋಲುಗಳು 64. ಕೋಲಾಗಬೇಕಾದರೆ ಬರುವ ಪ್ರತಿ ಊರೂ ಇನ್ನೂ ಬಾಕಿ ಇರುವವುಗಳಲ್ಲಿ ಅತಿ ಚಿಕ್ಕದೋ ಅತಿ ದೊಡ್ಡದೋ ಆಗಿರಬೇಕು. ಮೊದಲ ಆರು ಊರುಗಳಿಗೆ ಎರಡೆರಡು ಆಯ್ಕೆ, ಕೊನೆಯದಕ್ಕೆ ಒಂದೇ. ಎರಡನ್ನು ಆರು ಸಲ ಗುಣಿಸಿದರೆ 64. ಕೋಲು ನೆಟ್ಟಗೇ ಇರಬೇಕೆಂದಿಲ್ಲ, ಡೊಂಕುಡೊಂಕಾಗಿಯೂ ಇಳಿಯಬಹುದು. ಏಳರ ಬದಲು ಇಪ್ಪತ್ತು ಊರು ಇಟ್ಟುಕೊಂಡರೆ ಆಕಾರಗಳು 656 ಕೋಟಿ ದಾಟುತ್ತವೆ, ಅದರಲ್ಲಿ ಕೋಲುಗಳೇ ಐದು ಲಕ್ಷಕ್ಕೂ ಹೆಚ್ಚು.

ಕೋಲಿನ ಬೆಲೆ ಏನು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಒಂದು ಹೋಲಿಕೆಗೆ ಸೆಕೆಂಡಿನ ಕೋಟಿಯಲ್ಲೊಂದು ಭಾಗ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಮೆಮೊರಿಯ ಯಾವುದೋ ಮೂಲೆಯಲ್ಲಿರುವ ನೋಡ್ ಅನ್ನು ಪ್ರೊಸೆಸರ್ ತರಿಸಿಕೊಳ್ಳಲು ಸರಿಸುಮಾರು ಅಷ್ಟು ಹೊತ್ತು ಬೇಕು. ಏರಿಕೆಯ ಕ್ರಮದಲ್ಲಿ 10 ಲಕ್ಷ ಸಂಖ್ಯೆ ಬಂದವು. ಎರಡನೆಯದು ಒಂದು ಹೋಲಿಕೆ ಮಾಡುತ್ತದೆ, ಮೂರನೆಯದು ಎರಡು, ಹತ್ತು ಲಕ್ಷನೆಯದು 9,99,999. ಎಲ್ಲ ಕೂಡಿದರೆ 49,999 ಕೋಟಿ 95 ಲಕ್ಷ ಹೋಲಿಕೆ. ಸೆಕೆಂಡಿಗೆ ಕೋಟಿಯಂತೆ 13 ಗಂಟೆ 53 ನಿಮಿಷ. ಅದೇ ಸಂಖ್ಯೆಗಳು ಇಪ್ಪತ್ತು ಹಂತದ ಮರದಲ್ಲಿ ಕೂತಿದ್ದರೆ ತಲಾ ಇಪ್ಪತ್ತು ಹೋಲಿಕೆ ಎಂದರೂ ಒಟ್ಟು 2 ಕೋಟಿ. ಎರಡು ಸೆಕೆಂಡು.

140 ಕೋಟಿಗೆ ಇದೇ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಮರ ಕಟ್ಟಲು ಎಪ್ಪತ್ತೆರಡು ನಿಮಿಷ ಸಾಕು. ಕೋಲು ಕಟ್ಟಲು 9,800 ಕೋಟಿ ಸೆಕೆಂಡು ಬೇಕು, ಅಂದರೆ ಸುಮಾರು 3,100 ವರ್ಷ. ಬುದ್ಧನಿಗೂ ಮುಂಚೆ ಶುರುಮಾಡಿದ್ದರೆ ಈಚೆಗೆ ಮುಗಿಯುತ್ತಿತ್ತು. ಹೇಗೋ ಕಟ್ಟಿ ಮುಗಿಸಿದರು ಎಂದೇ ಇಟ್ಟುಕೊಂಡರೂ ಅದರಲ್ಲಿ ಒಬ್ಬರನ್ನು ಹುಡುಕಲು ಸರಾಸರಿ 70 ಸೆಕೆಂಡು ಹಿಡಿಯುತ್ತದೆ. ಮರದಲ್ಲಿ ಅದೇ ಕೆಲಸ ಸೆಕೆಂಡಿನ ಹತ್ತು ಲಕ್ಷದಲ್ಲಿ ಮೂರು ಭಾಗದಲ್ಲಿ ಮುಗಿಯುತ್ತದೆ.

ಇಂಥ ಕೆಟ್ಟ ಸರದಿ ಅಪರೂಪ ಅಲ್ಲವೇ ಎಂದು ಕೇಳಬಹುದು. ಮನಸ್ಸಿಗೆ ಬಂದಂತೆ ಕಲಸಿದ ಸಂಖ್ಯೆಗಳಲ್ಲಿ ಅಪರೂಪವೇ ಸರಿ. 10 ಲಕ್ಷ ಸಂಖ್ಯೆಗಳನ್ನು ಇಸ್ಪೀಟಿನ ಎಲೆಯಂತೆ ಚೆನ್ನಾಗಿ ಕಲಸಿ ಒಳಗೆ ಬಿಟ್ಟರೆ ಒಂದನ್ನು ಹುಡುಕಲು ಸರಾಸರಿ 26 ಹೋಲಿಕೆ ಬೇಕಾಗುತ್ತದೆ. ಅತಿ ಚೆಂದದ ಮರದ 19ಕ್ಕೆ ಹೋಲಿಸಿದರೆ ಇದು ಯಾರೂ ದೂರುವಂಥದ್ದಲ್ಲ. ತೊಂದರೆ ಏನೆಂದರೆ ನಿಜವಾದ ದತ್ತಾಂಶ ಯಾವಾಗಲೂ ಕಲಸಿಕೊಂಡು ಬರುವುದಿಲ್ಲ. ಬಿಲ್ ನಂಬರ್, ರಿಜಿಸ್ಟರ್ ನಂಬರ್, ತಾರೀಕು, ಟೋಕನ್ ಎಲ್ಲವೂ ಹುಟ್ಟುವುದೇ ಏರಿಕೆಯಲ್ಲಿ. ಯಾರೋ ಅಚ್ಚುಕಟ್ಟಾಗಿ ವಿಂಗಡಿಸಿ ಕೊಟ್ಟ ಫೈಲ್ ಅನ್ನು ಸಾದಾ ಮರಕ್ಕೆ ಸುರಿದರೆ ಅವರ ಅಚ್ಚುಕಟ್ಟೇ ಮುಳುವಾಗುತ್ತದೆ.

ಕೋಲು ಬೆಳೆಯುತ್ತಿದೆ ಎಂದು ಹೊರಗಿನಿಂದಲೇ ಗುರುತಿಸಬಹುದು. ಲಕ್ಷ ಲಕ್ಷದ ಕಂತಿನಲ್ಲಿ ಸಂಖ್ಯೆ ಸೇರಿಸುತ್ತ ಗಡಿಯಾರ ನೋಡಿ. ಮೊದಲ ಲಕ್ಷಕ್ಕೆ ಎಂಟು ನಿಮಿಷ ಚಿಲ್ಲರೆ, ಎರಡನೆಯ ಲಕ್ಷಕ್ಕೆ ಇಪ್ಪತ್ತೈದು ನಿಮಿಷ, ಹೀಗೆ ಎರಡನೆಯ ಕಂತು ಮೊದಲನೆಯದರ ಮೂರು ಪಟ್ಟಾದರೆ ಅದು ಕೋಲೇ. ಸಮತೋಲದ ಮರದಲ್ಲಾದರೆ ಎರಡು ಕಂತಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು, ಏಕೆಂದರೆ ನಡುವೆ ಸೇರಿದ್ದು ಒಂದೇ ಒಂದು ಹಂತ. ಪೈಥಾನ್‌ನಲ್ಲಿ ರಿಕರ್ಶನ್ ಬಳಸಿ ಬರೆದವರಿಗೆ ಅಷ್ಟು ಕಾಯುವ ಪ್ರಮೇಯವೂ ಬರುವುದಿಲ್ಲ. ಅಲ್ಲಿ ರಿಕರ್ಶನ್‌ನ ಆಳಕ್ಕೆ ಮೊದಲೇ ಇಟ್ಟ ಮಿತಿ 1,000. ವಿಂಗಡಿಸಿದ ಪಟ್ಟಿ ಸುಮಾರು ಸಾವಿರನೆಯ ಸಂಖ್ಯೆಗೆ ಬರುವಾಗ ಪರದೆಯ ಮೇಲೆ `RecursionError` ಬಿದ್ದಿರುತ್ತದೆ. ನನ್ನನ್ನು ಕೇಳಿದರೆ ಮೆಲ್ಲಗೆ ನಿಧಾನವಾಗುವ ಪ್ರೋಗ್ರಾಮಿಗಿಂತ ಹೀಗೆ ಮುಖದ ಮೇಲೇ ಹೊಡೆಯುವುದು ಎಷ್ಟೋ ವಾಸಿ.

ಗಿಯೋರ್ಗಿ ಆಡೆಲ್ಸನ್-ವೆಲ್ಸ್ಕಿ ಮತ್ತು ಯೆವ್ಗೆನಿ ಲಾಂಡಿಸ್ 1962ರ ಲೇಖನದಲ್ಲಿ ಕೇಳಿದ ಪ್ರಶ್ನೆ ಇದು: ಸರದಿ ಹೇಗೇ ಬರಲಿ, ಮರವೇ ತನ್ನನ್ನು ತಾನು ನೇರ ಮಾಡಿಕೊಳ್ಳುವಂತೆ ಮಾಡಬಹುದೇ? ಅವರಿಬ್ಬರ ಹೆಸರಿನಿಂದಲೇ ಅದು ಎವಿಎಲ್ ಮರವಾಯಿತು. ಆಡೆಲ್ಸನ್-ವೆಲ್ಸ್ಕಿ ಮುಂದೆ ಕಾಯಿಸ್ಸಾ ಎಂಬ ಚೆಸ್ ಪ್ರೋಗ್ರಾಮ್ ಬರೆದ ತಂಡದಲ್ಲೂ ಇದ್ದವರು. 1974ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಮೊದಲ ವಿಶ್ವ ಕಂಪ್ಯೂಟರ್ ಚೆಸ್ ಪಂದ್ಯಾವಳಿಯನ್ನು ಗೆದ್ದದ್ದು ಕಾಯಿಸ್ಸಾ.

ಅವರು ಮರದಿಂದ ಪೂರ್ತಿ ಅಂದವನ್ನು ಬೇಡಲಿಲ್ಲ. ಜಾಣತನ ಇರುವುದು ಇಲ್ಲೇ. ಒಂದೊಂದು ಸಂಖ್ಯೆ ಸೇರಿದಾಗಲೂ ಮರವನ್ನು ಅಪ್ಪಟ ಸಮವಾಗಿ ಇಡುತ್ತೇನೆಂದು ಹಟ ಹಿಡಿದರೆ ಕೆಲವೊಮ್ಮೆ ಎಲ್ಲ ನೋಡ್‌ಗಳನ್ನೂ ಕದಲಿಸಬೇಕಾಗುತ್ತದೆ. ಅವರು ಕೇಳಿದ್ದು ಸ್ವಲ್ಪವೇ: ಯಾವ ನೋಡ್‌ನಲ್ಲೇ ನಿಂತು ನೋಡಿದರೂ ಎಡಗಡೆಯ ಎತ್ತರಕ್ಕೂ ಬಲಗಡೆಯ ಎತ್ತರಕ್ಕೂ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಎಡ ಹೆಚ್ಚೋ, ಬಲ ಹೆಚ್ಚೋ, ಎರಡೂ ಸಮವೋ ಎಂಬ ಮೂರು ಸ್ಥಿತಿಗಳಲ್ಲಿ ಯಾವುದೆಂದು ನೆನಪಿಡಲು ನೋಡ್‌ಗೆ ಎರಡು ಬಿಟ್ ಸಾಕು. ವ್ಯತ್ಯಾಸ ಎರಡಾದ ಕೂಡಲೇ ಅಲ್ಲಿ ಒಂದು ತಿರುವು ಕೊಡಬೇಕು. ಪ್ರೋಗ್ರಾಮರುಗಳು ರೊಟೇಶನ್ ಎನ್ನುವುದು ಇದನ್ನೇ. ಎಡಕ್ಕೆ ತಿರುಗಿಸುವ ಕೋಡ್ ಇಷ್ಟೇ:

```
def rotate_left(x):
    y = x.right
    x.right = y.left
    y.left = x
    return y
```

ಎತ್ತರದ ಲೆಕ್ಕ ತಿದ್ದುವ ಸಾಲುಗಳನ್ನು ಬಿಟ್ಟರೆ ಇದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಬಲಗಡೆಯ ಮಗು `y` ಮೇಲೇರುತ್ತದೆ, `x` ಅದರ ಎಡಕ್ಕೆ ಇಳಿಯುತ್ತದೆ. `y`ಯ ಹಳೆಯ ಎಡಭಾಗ `x`ನ ಬಲಕ್ಕೆ ಸೇರುತ್ತದೆ. ಆ ಭಾಗದ ಸಂಖ್ಯೆಗಳೆಲ್ಲ `x`ಗಿಂತ ದೊಡ್ಡವು, `y`ಗಿಂತ ಚಿಕ್ಕವು, ಆದ್ದರಿಂದ ಅವು ಹೊಸ ಜಾಗದಲ್ಲೂ ನಿಯಮಕ್ಕೆ ಸರಿಯಾಗಿಯೇ ಕೂರುತ್ತವೆ. ಆ ಭಾಗದಲ್ಲಿ ಹತ್ತು ನೋಡ್ ಇರಲಿ, ಹತ್ತು ಕೋಟಿ ಇರಲಿ, ಒಂದನ್ನೂ ಮುಟ್ಟಬೇಕಾಗಿಲ್ಲ. ಮೇಲಿನ ಕೊಂಡಿಯೂ ಸೇರಿ ಬದಲಾಗುವುದು ಮೂರು ಪಾಯಿಂಟರ್ ಮಾತ್ರ.

ಏಳು ಊರುಗಳನ್ನು ಅದೇ ಕೆಟ್ಟ ಸರದಿಯಲ್ಲಿ ಎವಿಎಲ್ ಮರಕ್ಕೆ ಬಿಡೋಣ. ಬೆಂಗಳೂರು, ಅದರ ಬಲಕ್ಕೆ ಮೈಸೂರು. ವ್ಯತ್ಯಾಸ ಒಂದು, ನಡೆಯುತ್ತದೆ. ಮಂಗಳೂರು ಬಂದಾಗ ಬೆಂಗಳೂರಿನ ಬಲಕ್ಕೆ ಎರಡು ಹಂತ, ಎಡಕ್ಕೆ ಸೊನ್ನೆ. ಒಂದು ತಿರುವು, ಮೈಸೂರು ಮೇಲಕ್ಕೆ ಬಂದು ಬೆಂಗಳೂರು ಎಡಕ್ಕೆ, ಮಂಗಳೂರು ಬಲಕ್ಕೆ. ಶಿವಮೊಗ್ಗ ಮಂಗಳೂರಿನ ಕೆಳಗೆ ಸದ್ದಿಲ್ಲದೆ ಸೇರುತ್ತದೆ. ಧಾರವಾಡ ಬಂದ ಕೂಡಲೇ ಮಂಗಳೂರಿನಲ್ಲಿ ತೂಕ ತಪ್ಪುತ್ತದೆ. ಎರಡನೆಯ ತಿರುವಿಗೆ ಶಿವಮೊಗ್ಗ ಮೇಲೇರಿ ಮಂಗಳೂರು, ಧಾರವಾಡ ಅದರ ಅಕ್ಕಪಕ್ಕಕ್ಕೆ ಬರುತ್ತವೆ.

ಮಜಾ ಇರುವುದು ಕಲಬುರಗಿಯಲ್ಲಿ. ಅದು ಧಾರವಾಡದ ಕೆಳಗೆ ಕೂತಾಗ ಅಲ್ಲಿ, ಅದರ ಮೇಲಿನ ಶಿವಮೊಗ್ಗದಲ್ಲಿ ಎಲ್ಲ ಸರಿಯಿದೆ. ಬೇರಿನಲ್ಲಿ ನಿಂತು ನೋಡಿದರೆ ಮಾತ್ರ ಎಡಕ್ಕೆ ಒಂದು, ಬಲಕ್ಕೆ ಮೂರು. ತಿರುಗಬೇಕಾದದ್ದು ಬೇರೇ. ಶಿವಮೊಗ್ಗ ಬೇರಿನ ಜಾಗಕ್ಕೆ ಬರುತ್ತದೆ, ಮೈಸೂರು ಅದರ ಎಡಕ್ಕಿಳಿಯುತ್ತದೆ, ಅಲ್ಲಿಯವರೆಗೆ ಶಿವಮೊಗ್ಗದ ಎಡಕ್ಕಿದ್ದ ಮಂಗಳೂರು ಮೈಸೂರಿನ ಬಲಕ್ಕೆ ಹೋಗುತ್ತದೆ. ಕೊನೆಗೆ ಬೆಳಗಾವಿ ಬಂದು ಧಾರವಾಡದಲ್ಲಿ ತೂಕ ತಪ್ಪಿಸುತ್ತದೆ, ನಾಲ್ಕನೆಯ ತಿರುವಿಗೆ ಕಲಬುರಗಿ ಮೇಲೆ. ಈಗ ನೋಡಿದರೆ ಮೇಲೆ ಬರೆದ ಚಿತ್ರವೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. 429 ಆಕಾರಗಳಲ್ಲಿ ಒಂದೇ ಒಂದಿದ್ದ ಅಂದದ ಮರ ಅತಿ ಕೆಟ್ಟ ಸರದಿಯಿಂದಲೇ ಎದ್ದು ಬಂತು. ಹೊಸ ಸಂಖ್ಯೆ ಡೊಂಕು ದಾರಿಯಲ್ಲಿ ಇಳಿದು ತೂಕ ಕೆಡಿಸಿದ್ದರೆ ಒಂದರ ಬದಲು ಎರಡು ತಿರುವಿನ ಜೋಡಿ ಬೇಕಾಗುತ್ತಿತ್ತು, ಅಷ್ಟೇ. ಸೇರಿಸುವಾಗ ಅದಕ್ಕಿಂತ ಹೆಚ್ಚು ಎಂದೂ ಬೇಕಾಗದು. ಅಳಿಸುವಾಗ ಮಾತ್ರ ತಿರುವುಗಳು ಹಂತಹಂತವಾಗಿ ಬೇರಿನವರೆಗೂ ಹಬ್ಬಬಹುದು.

ಏಳಕ್ಕೆ ನಾಲ್ಕೇ ತಿರುವು ಏಕೆ? ಮರದ ಬಲ ಅಂಚನ್ನು ಗಮನಿಸಿ. ಏರಿಕೆಯಲ್ಲಿ ಬರುವ ಪ್ರತಿ ಸಂಖ್ಯೆ ಆ ಅಂಚಿಗೆ ಒಂದು ನೋಡ್ ಸೇರಿಸುತ್ತದೆ, ಪ್ರತಿ ತಿರುವು ಅಲ್ಲಿಂದ ಒಂದನ್ನು ಒಳಕ್ಕೆ ತಳ್ಳುತ್ತದೆ. ಕೊನೆಗೆ ಅಂಚಿನಲ್ಲಿ ಉಳಿದದ್ದು ಶಿವಮೊಗ್ಗ, ಕಲಬುರಗಿ, ಬೆಳಗಾವಿ, ಮೂರು. ಏಳರಲ್ಲಿ ಮೂರು ಹೋದರೆ ನಾಲ್ಕು. ಇಪ್ಪತ್ತು ಹಂತದ ಮರಕ್ಕೂ ಇದೇ ಲೆಕ್ಕ: 10,48,575 ಸಂಖ್ಯೆ, ಅಂಚಿನಲ್ಲಿ 20, ತಿರುವುಗಳು 10,48,555. ತಿರುವಿಗೆ ಮೂರರಂತೆ ಪಾಯಿಂಟರ್ ಬದಲಾವಣೆ 31 ಲಕ್ಷ ಚಿಲ್ಲರೆ. ಅದರಿಂದ ತಪ್ಪಿದ್ದು ಕೋಲಿನ ಸುಮಾರು 55 ಸಾವಿರ ಕೋಟಿ ಹೋಲಿಕೆ.

ಒಂದು ಹಂತದ ವ್ಯತ್ಯಾಸ ಇರಲಿ ಎಂದು ಬಿಟ್ಟಿದ್ದೇವಲ್ಲ, ಆ ರಿಯಾಯಿತಿಯನ್ನು ಎಲ್ಲ ನೋಡ್‌ಗಳೂ ಒಟ್ಟಿಗೆ ಬಳಸಿಕೊಂಡರೆ ಮರ ಎಷ್ಟು ಹದಗೆಟ್ಟೀತು? ಅತಿ ಕಡಿಮೆ ನೋಡ್‌ನಲ್ಲಿ ಅತಿ ಎತ್ತರದ ಎವಿಎಲ್ ಮರ ಕಟ್ಟಲು ನೋಡೋಣ. ಬೇರಿಗೆ ಒಂದು, ಒಂದು ಪಕ್ಕಕ್ಕೆ ಒಂದು ಹಂತ ಗಿಡ್ಡದಾದ ಮರ, ಇನ್ನೊಂದು ಪಕ್ಕಕ್ಕೆ ಎರಡು ಹಂತ ಗಿಡ್ಡದಾದದ್ದು. ಒಂದು ಹಂತಕ್ಕೆ 1 ನೋಡ್, ಎರಡಕ್ಕೆ 2, ಆಮೇಲೆ 4, 7, 12, 20, 33. ಪ್ರತಿಯೊಂದಕ್ಕೂ ಒಂದು ಕೂಡಿಸಿ: 2, 3, 5, 8, 13, 21, 34. ಜಗತ್ತು ಇವನ್ನು ಫಿಬೊನಾಚಿ ಸಂಖ್ಯೆ ಎನ್ನುತ್ತದೆ. ಇಟಲಿಯ ಆ ಲೆಕ್ಕಿಗನ ಪುಸ್ತಕ 1202ರದ್ದು. ಅದಕ್ಕಿಂತ ಅರ್ಧ ಶತಮಾನದಷ್ಟು ಹಿಂದೆಯೇ ಹೇಮಚಂದ್ರ ಇವೇ ಸಂಖ್ಯೆಗಳ ನಿಯಮವನ್ನು ಛಂದಸ್ಸಿನ ಲೆಕ್ಕದಲ್ಲಿ ಬರೆದಿಟ್ಟಿದ್ದ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣ ಮೂರು ಬಗೆ, ನಾಲ್ಕು ಮಾತ್ರೆಯದು ಐದು ಬಗೆ, ಐದು ಮಾತ್ರೆಯದು ಎಂಟು ಬಗೆ. ಭಾಮಿನಿಯ ಮೂರು ನಾಲ್ಕು, ವಾರ್ಧಕದ ಐದು ಇವುಗಳಿಗೆ ಪ್ರಸ್ತಾರ ಹಾಕಿ ನೋಡಿದವರಿಗೆ ಇದು ಗೊತ್ತು. ಲಗಾದಿ ಗಣವನ್ನು ಕವಿಗಳು ದೂರವಿಡುವುದು ಬೇರೆ ಮಾತು. ಕೊನೆಯ ಅಕ್ಷರ ಲಘುವಾದರೆ ಹಿಂದೆ ಉಳಿದದ್ದು ಒಂದು ಮಾತ್ರೆ ಕಡಿಮೆ, ಗುರುವಾದರೆ ಎರಡು ಕಡಿಮೆ. ಎವಿಎಲ್ ಮರದ ಎರಡು ಪಕ್ಕಗಳೂ ಹಾಗೆಯೇ, ಒಂದು ಹಂತ ಕಡಿಮೆ, ಎರಡು ಹಂತ ಕಡಿಮೆ. ಮಾಸ್ಕೋದ ಮರಕ್ಕೂ ಷಟ್ಪದಿಗೂ ಇರುವ ಈ ನಂಟು ಅಲಂಕಾರಕ್ಕೆ ಹೇಳಿದ್ದಲ್ಲ, ಲೆಕ್ಕ ಒಂದೇ.

ಈ ಸರಣಿಯಲ್ಲಿ ಮುಂದೆ ಹೋದರೆ 28 ಹಂತದ ಮರಕ್ಕೆ ಕನಿಷ್ಠ 8,32,039 ನೋಡ್ ಬೇಕು, 29 ಹಂತಕ್ಕೆ 13,46,268. ಅಂದರೆ 10 ಲಕ್ಷ ಸಂಖ್ಯೆಗಳ ಎವಿಎಲ್ ಮರ, ಯಾರು ಎಷ್ಟೇ ಕುತಂತ್ರದಿಂದ ಸರದಿ ಹೂಡಿದರೂ 28 ಹಂತ ದಾಟಲಾರದು. ಆದರ್ಶ 20, ಅತಿ ಕೆಟ್ಟದ್ದು 28. ಸಾದಾ ಮರಕ್ಕೆ ಅತಿ ಕೆಟ್ಟದ್ದು 10 ಲಕ್ಷ. 140 ಕೋಟಿಗೆ ಆದರ್ಶ 31, ಎವಿಎಲ್‌ನ ಅತಿ ಕೆಟ್ಟದ್ದು 43. ಒಂದು ಹಂತದ ಸಡಿಲಕ್ಕೆ ತೆತ್ತದ್ದು ಹನ್ನೆರಡು ಮೆಟ್ಟಿಲು.

ಇದಕ್ಕಿಂತಲೂ ಸಡಿಲವಾದ ಮರಗಳಿವೆ, ಬಳಕೆಯಲ್ಲಿ ಹೆಚ್ಚಾಗಿ ಕಾಣುವುದು ಅವೇ. ಲಿಯೊ ಗಿಬಾಸ್ ಮತ್ತು ರಾಬರ್ಟ್ ಸೆಜ್‌ವಿಕ್ 1978ರಲ್ಲಿ ಮಂಡಿಸಿದ ಕೆಂಪು-ಕಪ್ಪು ಮರದಲ್ಲಿ ನೋಡ್‌ಗಳಿಗೆ ಬಣ್ಣದ ಗುರುತು ಹಾಕಿ ಸಮತೋಲ ಕಾಯುತ್ತಾರೆ. ಅದರ ಎತ್ತರ ಆದರ್ಶದ ಎರಡು ಪಟ್ಟು ದಾಟುವುದಿಲ್ಲ, ತಿರುವುಗಳು ಇನ್ನೂ ಕಡಿಮೆ. 2007ರಿಂದ ಲಿನಕ್ಸ್ ಕರ್ನಲ್ ಸಿಪಿಯುಗಾಗಿ ಕಾದಿರುವ ಕೆಲಸಗಳನ್ನು ಇಂಥ ಮರದಲ್ಲಿ ಇಡುತ್ತ ಬಂದಿದೆ. ಆಂಡ್ರಾಯ್ಡ್ ಫೋನಿನೊಳಗೂ ಇರುವುದು ಅದೇ ಕರ್ನಲ್. 2023ರವರೆಗೆ ಅಲ್ಲಿ ಕಡಿಮೆ ಸಮಯ ಪಡೆದವು ಎಡಕ್ಕೆ, ಹೆಚ್ಚು ಪಡೆದವು ಬಲಕ್ಕೆ ಹೋಗುತ್ತಿದ್ದವು. ಎಡ ತುದಿಯದನ್ನು ಎತ್ತಿ ಓಡಿಸುತ್ತಿದ್ದರು, ಓಡಿ ಬಂದದ್ದು ಹೆಚ್ಚು ಸಮಯ ಬಳಸಿದ್ದರಿಂದ ಬಲಕ್ಕೆ ಹೋಗಿ ಕೂರುತ್ತಿತ್ತು. ಎಡಕ್ಕೆ ಸದಾ ಖಾಲಿ, ಬಲಕ್ಕೆ ಸದಾ ಭರ್ತಿ. ಸಮತೋಲದ ಕಾವಲು ಇಲ್ಲದಿದ್ದರೆ ಈ ಮರ ತಾನಾಗಿಯೇ ಕೋಲಿನ ಕಡೆ ವಾಲುತ್ತ ಹೋಗುತ್ತಿತ್ತು.

ಈ ಮರಗಳೆಲ್ಲ ಇರುವುದು ಮೆಮೊರಿಯ ಒಳಗೆ ಎಂಬುದು ನೆನಪಿರಲಿ. ತಿರುಗುವ ಡಿಸ್ಕಿನ ಮೇಲೆ ಒಂದೊಂದು ನೋಡ್ ಅನ್ನೂ ಬೇರೆ ಬೇರೆ ಕಡೆಯಿಂದ ಓದಬೇಕಾದರೆ ಪ್ರತಿ ಹೆಜ್ಜೆಗೆ ಸೆಕೆಂಡಿನ ನೂರರಲ್ಲೊಂದು ಭಾಗದಷ್ಟು ಹೊತ್ತು ಹೋಗುತ್ತದೆ, ಆಗ 31 ಕೂಡ ದೊಡ್ಡ ಸಂಖ್ಯೆಯೇ. ಡೇಟಾಬೇಸ್‌ಗಳು ಅದಕ್ಕೇ ಒಂದು ನೋಡ್‌ನಲ್ಲಿ ನೂರಾರು ಸಂಖ್ಯೆ ತುಂಬುವ ಬಿ-ಟ್ರೀ ಬಳಸುತ್ತವೆ. ಅದು ಬೇರೆಯದೇ ಕಥೆ.

ಸಮತೋಲದ ನಿಯಮವನ್ನು ಅರ್ಧ ಪಾಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಸೆಜ್‌ವಿಕ್ ತಮ್ಮ ಪಾಠಗಳಲ್ಲಿ ಹೇಳುವ ಒಂದು ಪ್ರಸಂಗವಿದೆ. ಒಂದು ಟೆಲಿಫೋನ್ ಕಂಪನಿ ಗ್ರಾಹಕರ ಮಾಹಿತಿಗೆಂದು ಡೇಟಾಬೇಸ್ ಮಾಡಿಸಿತು. ಮಾಡಿಕೊಟ್ಟವರು ಹುಡುಕಲು ಮತ್ತು ಸೇರಿಸಲು ಕೆಂಪು-ಕಪ್ಪು ಮರ ಬಳಸಿದರು. ಅಳಿಸುವ ಭಾಗ ಬರೆಯುವುದು ನಿಜಕ್ಕೂ ತಲೆನೋವು. ಅದಕ್ಕೆ ಮಾತ್ರ ಸಾದಾ ಮರದ ಹಳೆಯ ವಿಧಾನವನ್ನೇ ಇಟ್ಟುಕೊಂಡರು: ಎರಡು ಮಕ್ಕಳಿರುವ ನೋಡ್ ತೆಗೆಯುವಾಗ ಅದರ ಬಲಭಾಗದ ಅತಿ ಚಿಕ್ಕದನ್ನು ತಂದು ಆ ಜಾಗದಲ್ಲಿ ಕೂರಿಸುವುದು. ಬಣ್ಣ ನೋಡುವುದಿಲ್ಲ, ತಿರುವು ಇಲ್ಲ. ಸಾದಾ ಮರದಲ್ಲಿ ಸೇರಿಸು, ಅಳಿಸು ಎಂದು ಈ ವಿಧಾನವನ್ನೇ ಬಹುಕಾಲ ನಡೆಸಿದರೆ ಮರ ಒಂದು ಕಡೆಗೆ ವಾಲುತ್ತ, ದಾರಿಯ ಉದ್ದ ಒಟ್ಟು ಸಂಖ್ಯೆಯ ವರ್ಗಮೂಲದ ಪ್ರಮಾಣಕ್ಕೆ ಬೆಳೆಯುತ್ತದೆ ಎಂಬುದು ಗೊತ್ತಿರುವ ವಿಷಯವೇ. ಸೇರಿಸುವಾಗ ಕಟ್ಟಿದ ಸಮತೋಲವನ್ನು ಅಳಿಸುವಾಗ ಕೆಡವುತ್ತ ಹೋದಂತಾಯಿತು.

ಆ ವ್ಯವಸ್ಥೆಯಲ್ಲಿ ಮರದ ಎತ್ತರಕ್ಕೆ 80ರ ಮಿತಿ ಇಟ್ಟಿದ್ದರು. ದಾಟಿದರೆ ದೋಷ ಸರಿಪಡಿಸುವ ಪ್ರಕ್ರಿಯೆ ಶುರುವಾಗಬೇಕು. ಒಂದು ದಿನ ದಾಟಿತು, ಟೆಲಿಫೋನ್ ಸೇವೆ ಬಹಳ ಹೊತ್ತು ನಿಂತುಹೋಯಿತು. ಕಂಪನಿ ಡೇಟಾಬೇಸ್ ಮಾಡಿಕೊಟ್ಟವರ ಮೇಲೆ ಮೊಕದ್ದಮೆ ಹೂಡಿತು. ತಜ್ಞರ ಸಾಕ್ಷ್ಯಕ್ಕೆ ಒಂದು ಸಾಲಿನ ಗಣಿತ ಸಾಕಾಯಿತು. ಸರಿಯಾಗಿ ಬರೆದ ಕೆಂಪು-ಕಪ್ಪು ಮರ 80 ಹಂತ ದಾಟಬೇಕಾದರೆ ಅದರಲ್ಲಿ ಎರಡರ ನಲವತ್ತನೆಯ ಘಾತದಷ್ಟು, ಅಂದರೆ ಸುಮಾರು 1,09,951 ಕೋಟಿ ದಾಖಲೆಗಳಿರಬೇಕು. ಅದು ಇಂದಿನ ಭೂಮಿಯ ಜನಸಂಖ್ಯೆಯ ಸುಮಾರು 130 ಪಟ್ಟು. ಅಷ್ಟು ಗ್ರಾಹಕರಿರುವ ಟೆಲಿಫೋನ್ ಕಂಪನಿ ಎಲ್ಲೂ ಇಲ್ಲ.